ಸಾವಿರದ ಐನೂರು ರೂಪಾಯಿಯ ಬೇಕರಿ ಬೋರ್ಡು

ಕಾಲೇಜಿನ ಹಿಂದಿನ ಗೇಟಿಂದ ಬಸ್ ಸ್ಟಾಪಿಗೆ ಹೋಗೋ ದಾರೀಲಿ ಒಂದು ಬೇಕರಿ ಇದೆ. ಅದರ ಬೋರ್ಡು, ಲೋಗೋ, ಒಳಗೆ ಟೇಬಲ್ ಮೇಲಿರೋ ಎರಡು ಭಾಷೆಯ ಮೆನು ಕಾರ್ಡು, ಮೂರನ್ನೂ ನಾವೇ ಮಾಡಿದ್ದು. ನಾವು ಅಂದ್ರೆ ಸಂಘದ ಪೋಸ್ಟರ್‌ಗಳನ್ನ ಮಾಡ್ತಿದ್ದ ಮೂರು ಜನ. ರಾಜ್ಯೋತ್ಸವದ ಪೋಸ್ಟರ್ ನೋಡಿ ಬೇಕರಿ ಮಾಲೀಕರು ಕರೆದಿದ್ರು. "ಎಷ್ಟಾಗುತ್ತೆ ಹುಡುಗ್ರೇ?" ಅಂತ ಕೇಳಿದಾಗ ನಾವು ಒಬ್ಬರ ಮುಖ ಒಬ್ಬರು ನೋಡ್ಕೊಂಡು, "ಒಂದೂವರೆ ಸಾವಿರ ಕೊಡಿ ಅಣ್ಣಾ" ಅಂದ್ವಿ. ಅವರು ಒಂದು ಸೆಕೆಂಡೂ ಯೋಚಿಸದೆ "ಆಯ್ತು" ಅಂದ್ರು. ಹೊರಗೆ ಬಂದು ಪಫ್ಸ್ ತಿಂದು ಖುಷಿಪಟ್ವಿ. ಆ "ಆಯ್ತು" ಅಷ್ಟು ಬೇಗ ಯಾಕೆ ಬಂತು ಅನ್ನೋದು ಅವತ್ತು ನಮಗೆ ಹೊಳೀಲಿಲ್ಲ.

ನಮ್ಮಲ್ಲೊಬ್ಬಳಿಗೆ ಪ್ರಾಜೆಕ್ಟ್ ಡೈರಿ ಬರೆಯೋ ಅಭ್ಯಾಸ. ಯಾವ ದಿನ ಎಷ್ಟು ಹೊತ್ತು ಕೂತ್ವಿ ಅಂತ ಆಕೆ ಬರೆದಿಟ್ಟಿದ್ಲು. ಕೆಲಸ ಮುಗಿದ ಮೇಲೆ ಕೂಡಿದಾಗ ಹೀಗೆ ಬಂತು:

ಮಾಲೀಕರ ಜೊತೆ ಮಾತು, ಅಂಗಡಿ ನೋಡಿದ್ದು: 4 ಗಂಟೆ
ಸ್ಕೆಚ್, ಮೂರು ಬಗೆಯ ಲೋಗೋ: 9 ಗಂಟೆ
ಆಯ್ಕೆಯಾದ ಲೋಗೋ ತಿದ್ದಿ ಅಂತಿಮ ಮಾಡಿದ್ದು: 4 ಗಂಟೆ
ಬೋರ್ಡು: 3 ಗಂಟೆ
ಮೆನು ಕಾರ್ಡು: 8 ಗಂಟೆ
"ಒಂದು ಸಣ್ಣ ಚೇಂಜು": 11 ಗಂಟೆ
ಪ್ರಿಂಟಿಂಗ್ ಪ್ರೆಸ್ಸಿಗೆ ಓಡಾಟ, ಫೈಲ್ ಸರಿಮಾಡಿದ್ದು: 3 ಗಂಟೆ

ಒಟ್ಟು 42 ಗಂಟೆ. 1,500 ರೂಪಾಯಿಯನ್ನ 42ರಿಂದ ಭಾಗಿಸಿದ್ರೆ ಗಂಟೆಗೆ ಸುಮಾರು 36 ರೂಪಾಯಿ. ನಾವು ಬೋರ್ಡು ಮಾಡಿಕೊಟ್ಟ ಅದೇ ಬೇಕರೀಲಿ ಒಂದು ಗಂಟೆ ದುಡಿಮೆಗೆ ಒಂದು ಪಫ್ಸು, ಒಂದು ಟೀ.

ಫ್ರೀಲಾನ್ಸ್ ಡಿಸೈನ್ ಶುರು ಮಾಡೋ ಗೆಳೆಯರು ಕ್ಯಾಂಪಸ್‌ನಲ್ಲಿ ಈಗ ತುಂಬಾ ಜನ ಇದ್ದಾರೆ. ಅವರೆಲ್ಲ ಸಂಘದ ರೂಮಿಗೆ ಬಂದು ಕೇಳೋದು ಒಂದೇ ಪ್ರಶ್ನೆ: "ಲೋಗೋಗೆ ಎಷ್ಟು ಕೇಳ್ಬೇಕು?" ಈ ಪ್ರಶ್ನೇನೇ ಸರಿ ಇಲ್ಲ ಅನ್ನೋದು ನಮ್ಮ ಅಭಿಪ್ರಾಯ. ಲೋಗೋ ಅನ್ನೋ ಪದಕ್ಕೆ ಬೆಲೆ ಇಲ್ಲ. ಎಷ್ಟು ಗಂಟೆ, ಎಷ್ಟು ಆಯ್ಕೆ, ಎಷ್ಟು ಸಲ ತಿದ್ದುಪಡಿ, ಕೊನೆಗೆ ಯಾವ ಯಾವ ಫೈಲ್ ಕೊಡ್ತೀವಿ, ಇವು ಗೊತ್ತಾದ ಮೇಲೆ ಮಾತ್ರ ಬೆಲೆ ಹುಟ್ಟುತ್ತೆ. ನಾವು ಕಡಿಮೆಗೆ ಮಾರಿಕೊಂಡಿದ್ದಕ್ಕೆ 1,500 ಅಂತ ಹೇಳಿದ್ದು ಅರ್ಧ ಕಾರಣ. ಆ 1,500ಕ್ಕೆ ಏನೇನು ಸಿಗುತ್ತೆ, ಎಲ್ಲಿಗೆ ನಿಲ್ಲುತ್ತೆ ಅಂತ ಹೇಳದೇ ಇದ್ದಿದ್ದು ಇನ್ನರ್ಧ.

ನಮ್ಮ ಗಂಟೆಗೆ ತಳದ ಬೆಲೆ ಎಷ್ಟು?

ಮೊದಲು ಒಂದು ತಳ ಬೇಕು. ಅದಕ್ಕಿಂತ ಕೆಳಗೆ ಹೋದ್ರೆ ಕೆಲಸ ಮಾಡೋದಕ್ಕಿಂತ ಮಲಗೋದು ಮೇಲು ಅನ್ನಿಸೋ ಸಂಖ್ಯೆ. ಅದನ್ನ ಲೆಕ್ಕ ಹಾಕೋಕೆ ಕಾಮರ್ಸ್ ಓದಿರಬೇಕಿಲ್ಲ.

ನಮ್ಮಲ್ಲಿ ಒಬ್ಬನ ಲೆಕ್ಕ ಇದು. ಲ್ಯಾಪ್‌ಟಾಪ್ 60,000 ರೂಪಾಯಿ. ಡಿಸೈನ್ ಕೆಲಸಕ್ಕೆ ಮೂರು ವರ್ಷ ಬಾಳುತ್ತೆ ಅಂತ ಇಟ್ಕೊಂಡ್ರೆ ತಿಂಗಳಿಗೆ ಸುಮಾರು 1,650. ಸಾಫ್ಟ್‌ವೇರ್ ಚಂದಾ 2,000 ಅಂತ ಇಟ್ಕೊಂಡ್ವಿ. ಇಂಟರ್ನೆಟ್, ಪ್ರೆಸ್ಸಿಗೆ ಓಡಾಟದ ಪೆಟ್ರೋಲು 350. ಒಟ್ಟು ತಿಂಗಳಿಗೆ 4,000 ಖರ್ಚು. ಇದಲ್ಲದೆ ಕೈಗೆ ತಿಂಗಳಿಗೆ 8,000 ಉಳಿಯಬೇಕು ಅಂತ ಅವನ ಆಸೆ. ಹಾಗಾದ್ರೆ ಬರಬೇಕಾದ್ದು 12,000.

ಕ್ಲಾಸು, ಲ್ಯಾಬು, ಇಂಟರ್ನಲ್ಸ್ ಎಲ್ಲ ಬಿಟ್ಟು ಅವನಿಗೆ ವಾರಕ್ಕೆ 10 ಗಂಟೆ ಸಿಗುತ್ತೆ, ತಿಂಗಳಿಗೆ 40. ಇಲ್ಲೇ ಎಲ್ಲರೂ ಎಡವೋದು. 12,000ವನ್ನ 40ರಿಂದ ಭಾಗಿಸಿ, ಗಂಟೆಗೆ 300 ಅಂತ ಬರೆದು ಪುಸ್ತಕ ಮುಚ್ಚಿಬಿಡ್ತಾರೆ. ಆದ್ರೆ ಆ 40 ಗಂಟೆಯೂ ದುಡ್ಡು ತರಲ್ಲ. ಕೆಲಸ ಹುಡುಕೋದು, ಬರೋದೇ ಇಲ್ಲದ ಗಿರಾಕಿಗೆ ಕೊಟೇಶನ್ ಬರೆಯೋದು, ಬಾಕಿ ಕೇಳಿ ಫೋನ್ ಮಾಡೋದು, ಹೊಸ ಟೂಲ್ ಕಲಿಯೋದು, ಇವಕ್ಕೆ ಯಾರೂ ಬಿಲ್ ಕಟ್ಟಲ್ಲ. ನಮ್ಮ ಡೈರಿ ಪ್ರಕಾರ 40ರಲ್ಲಿ ಬಿಲ್ ಮಾಡಬಹುದಾದ ಗಂಟೆ 25 ಇದ್ರೆ ಹೆಚ್ಚು. 12,000 ಭಾಗಿಸು 25, ಅಂದ್ರೆ ಗಂಟೆಗೆ 480 ರೂಪಾಯಿ.

300ಕ್ಕೂ 480ಕ್ಕೂ ಇರೋ ಅಂತರವೇ ಹೊಸಬರು ಗೊತ್ತಿಲ್ಲದೆ ಕಳೆದುಕೊಳ್ಳೋ ದುಡ್ಡು. ನಿಮ್ಮ ಸಂಖ್ಯೆ 480 ಆಗಿರಬೇಕಿಲ್ಲ. ಉಚಿತ ಸಾಫ್ಟ್‌ವೇರ್ ಬಳಸೋರಿಗೆ, ಅಂದ್ರೆ ಇಂಕ್‌ಸ್ಕೇಪ್, ಸ್ಕ್ರೈಬಸ್‌ನಲ್ಲಿ ಕೆಲಸ ಮಾಡೋರಿಗೆ ಕಡಿಮೆ ಬರುತ್ತೆ. ಮನೆಗೆ ದುಡ್ಡು ಕಳಿಸಬೇಕಾದವರಿಗೆ ಜಾಸ್ತಿ ಬರುತ್ತೆ. ಸಂಖ್ಯೆ ಎಲ್ಲಿಂದ ಬಂತು ಅಂತ ನಿಮಗೆ ಗೊತ್ತಿರಬೇಕು, ಅಷ್ಟೇ.

ಇದಕ್ಕೆ ಒಂದು ವಾದ ಯಾವಾಗಲೂ ಬರುತ್ತೆ. "ನಾವು ಸ್ಟೂಡೆಂಟ್ಸು. ಊಟ ಹಾಸ್ಟೆಲ್‌ದು, ಲ್ಯಾಪ್‌ಟಾಪ್ ಅಪ್ಪ ಕೊಡ್ಸಿದ್ದು. ನಮಗೇನು ಖರ್ಚು?" ಖರ್ಚು ಇದೆ, ಅದನ್ನ ಅಪ್ಪ ಕಟ್ತಿದ್ದಾರೆ. ಅಂದ್ರೆ ಬೇಕರಿಯವರ ಬೋರ್ಡಿಗೆ ಸಬ್ಸಿಡಿ ಕೊಟ್ಟಿದ್ದು ನಮ್ಮ ಮನೆಯವರು. ಇನ್ನೊಂದು ವಿಷಯ, ಇದೇ ಊರಲ್ಲಿ ಇದೇ ಕೆಲಸದಿಂದ ಮನೆ ನಡೆಸೋ ಡಿಸೈನರ್‌ಗಳೂ ಇದ್ದಾರೆ. ನಾವು 1,500 ಅಂದ ಮೇಲೆ ಅವರು ಅದೇ ಬೀದೀಲಿ ಹತ್ತು ಸಾವಿರ ಅಂದ್ರೆ ಅವರೇ ಕಳ್ಳರ ಥರ ಕಾಣ್ತಾರೆ.

ಆದ್ರೂ ವಿದ್ಯಾರ್ಥಿಗಳು ಒಂದು ವಿಷಯದಲ್ಲಿ ಪ್ರಾಮಾಣಿಕವಾಗಿರಬೇಕು. ನಾವು ನಿಧಾನ. ಅನುಭವ ಇರೋರು ಐದು ಗಂಟೇಲಿ ಮುಗಿಸೋದಕ್ಕೆ ನಮಗೆ ಎಂಟು ಬೇಕು. ಆ ಮೂರು ಗಂಟೆ ನಮ್ಮ ಕಲಿಕೆ, ಗಿರಾಕಿ ಮೇಲೆ ಹಾಕೋದು ನ್ಯಾಯ ಅಲ್ಲ. ಹಾಗಾಗಿ ಗಂಟೆಯ ಬೆಲೆ ಇಳಿಸದೆ, ಕಲಿಯೋಕೆ ಹೋದ ಗಂಟೆಗಳನ್ನ ಮಾತ್ರ ಲೆಕ್ಕದಿಂದ ತೆಗೀತೀವಿ. ಮುಂದಿನ ಸಲ ಆ ಗಂಟೆಗಳು ತಾವಾಗೇ ಮಾಯವಾಗುತ್ತವೆ. ಆದ್ರೆ ಒಂದು ಸಲ ಇಳಿಸಿದ ದರವನ್ನ ಮತ್ತೆ ಏರಿಸೋದು ತುಂಬಾ ಕಷ್ಟ.

ಬೇಕರಿಗೆ ಮತ್ತೆ ಬೆಲೆ ಕಟ್ಟಿದ್ರೆ

ಈಗ ಅದೇ ಬೇಕರಿ ಕೆಲಸವನ್ನ ಕಾಗದದ ಮೇಲೆ ಮತ್ತೆ ಮಾಡೋಣ. 42 ಗಂಟೇಲಿ ಎರಡು ಕಡೆ ಕತ್ತರಿ ಹಾಕಬಹುದು.

ಮೊದಲನೆಯದು ಆ 11 ಗಂಟೆಯ "ಸಣ್ಣ ಚೇಂಜು". ಅದರ ಕಥೆ ಹೀಗೆ. ಮಾಲೀಕರು ಲೋಗೋ ಒಪ್ಪಿದ್ರು. ಎರಡು ದಿನ ಬಿಟ್ಟು ಅವರ ಭಾವಮೈದ ನೋಡಿ ಬಣ್ಣ ಡಲ್ ಆಯ್ತು ಅಂದ. ಬಣ್ಣ ಬದಲಾಯಿಸಿದ್ವಿ. ಅಮೇಲೆ ಅವರ ಮಗಳು ಇಂಗ್ಲಿಷ್ ಅಕ್ಷರ ದೊಡ್ಡದಿರಲಿ ಅಂದ್ಲು, ಮಾಡಿದ್ವಿ. ಕೊನೆಗೆ ಮಾಲೀಕರೇ, "ಮೊದಲಿಂದೇ ಚೆನ್ನಾಗಿತ್ತು ಅನ್ಸುತ್ತೆ" ಅಂದ್ರು. ಯಾರ ತಪ್ಪೂ ಅಲ್ಲ. ಎಷ್ಟು ಸಲ ಬದಲಾಯಿಸಬಹುದು ಅಂತ ನಾವು ಹೇಳಿರಲಿಲ್ಲ. ಬದಲಾವಣೆ ಪುಕ್ಕಟೆ ಅಂದ ಮೇಲೆ ಯಾರು ತಾನೇ ಕೇಳಲ್ಲ? "ಎರಡು ಸುತ್ತು ತಿದ್ದುಪಡಿ" ಅಂತ ಬರೆದಿದ್ರೆ ಅದು 5 ಗಂಟೇಲಿ ಮುಗೀತಿತ್ತು. 6 ಗಂಟೆ ಉಳೀತು.

ಎರಡನೆಯದು ಮೆನು ಕಾರ್ಡು. ಅದರ 8 ಗಂಟೇಲಿ 3 ಗಂಟೆ ಕಲಿಕೆಗೆ ಹೋಯ್ತು. ಅವರು ಕೊಟ್ಟ ಕನ್ನಡ ಪಟ್ಟಿ ಡಿಟಿಪಿ ಅಂಗಡೀಲಿ ಹಳೇ ನುಡಿ ಫಾಂಟಲ್ಲಿ ಟೈಪಾಗಿತ್ತು, ಯೂನಿಕೋಡ್ ಅಲ್ಲ. ನಮ್ಮ ಫೈಲಿಗೆ ಪೇಸ್ಟ್ ಮಾಡಿದ್ರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಅದನ್ನ ಯೂನಿಕೋಡ್‌ಗೆ ಬದಲಾಯಿಸಿದ ಮೇಲೆ ಇನ್ನೊಂದು ಎಡವಟ್ಟು: ಇನ್‌ಡಿಸೈನ್‌ನಲ್ಲಿ ಒತ್ತಕ್ಷರಗಳು ಒಡೆದು ಪಕ್ಕಕ್ಕೆ ಬಂದು ಕೂತವು. "ಬನ್ನು", "ಬೆಣ್ಣೆ" ಎರಡನ್ನೂ ಓದೋಕೆ ಆಗ್ತಿರಲಿಲ್ಲ. ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಲ್ಲಿ `Adobe World-Ready Paragraph Composer` ಆರಿಸಿದ್ರೆ ಸರಿಹೋಗುತ್ತೆ ಅಂತ ಗೊತ್ತಾಗೋಕೆ ಒಂದು ರಾತ್ರಿ ಹೋಯ್ತು. ಇದು ನಮ್ಮ ಪಾಠ, ಗಿರಾಕಿಗೆ ಬಿಲ್ ಆಗಬಾರದು. 3 ಗಂಟೆ ತೆಗೆದ್ವಿ.

42ರಲ್ಲಿ 9 ಹೋದ್ರೆ 33 ಗಂಟೆ. 33 ಗುಣಿಸು 480, ಅಂದ್ರೆ 15,840. ನಾವು ಹೇಳಿದ್ದು 1,500, ಅದರ ಹತ್ತನೇ ಒಂದು ಭಾಗಕ್ಕೂ ಕಮ್ಮಿ.

ಬೇಕರಿಯವರು ಹದಿನಾರು ಸಾವಿರ ಕೊಡ್ತಿದ್ರಾ? ಬಹುಶಃ ಇಲ್ಲ. ಆದ್ರೆ ಆಗ ನಮ್ಮ ಮುಂದೆ ಇನ್ನೊಂದು ದಾರಿ ಇರ್ತಿತ್ತು. ಮೂರು ಲೋಗೋ ಬದಲು ಒಂದೇ ದಿಕ್ಕಲ್ಲಿ ಕೆಲಸ ಮಾಡಿ, ಮೆನು ಕಾರ್ಡು ಬಿಟ್ಟು, ಲೋಗೋ ಮತ್ತು ಬೋರ್ಡು ಮಾತ್ರ ಕೊಡಬಹುದಿತ್ತು. ಮಾತು 4, ಸ್ಕೆಚ್ 5, ಅಂತಿಮ 4, ಬೋರ್ಡು 3, ತಿದ್ದುಪಡಿ 3, ಒಟ್ಟು 19 ಗಂಟೆ, 9,120 ರೂಪಾಯಿ. ಮೆನು ಆಮೇಲೆ, ಅದಕ್ಕೆ ಬೇರೆ ಬೆಲೆ. ಬೆಲೆ ಇಳಿಸಬೇಕು ಅಂದ್ರೆ ಕೆಲಸ ಇಳಿಸಿ, ಗಂಟೆಯ ದರ ಇಳಿಸಬೇಡಿ. ಈ ಲೇಖನದಲ್ಲಿ ನಮಗೆ ಮುಖ್ಯವಾಗಿ ಹೇಳೋಕಿರೋದು ಇದೇ.

ಗಂಟೆ ಲೆಕ್ಕ ನಮಗೆ, ಒಟ್ಟು ಬೆಲೆ ಅವರಿಗೆ

ಈ 480ನ್ನ ಗಿರಾಕಿಗೆ ಹೇಳಬೇಕಾ? ಬೇಡ ಅಂತೀವಿ. ಗಂಟೆ ಲೆಕ್ಕ ಹೇಳಿದ್ರೆ ಅವರಿಗೆ ಮೀಟರ್ ಓಡ್ತಿರೋ ಆಟೋದಲ್ಲಿ ಕೂತ ಹಾಗೆ ಅನ್ಸುತ್ತೆ, ಕೊನೆಗೆ ಎಷ್ಟಾಗುತ್ತೋ ಗೊತ್ತಿಲ್ಲ. ನಮಗೂ ನಷ್ಟವೇ. ಕೈ ಪಳಗಿ ಬೇಗ ಮುಗಿಸೋಕೆ ಕಲಿತಷ್ಟೂ ಕಡಿಮೆ ದುಡ್ಡು ಸಿಗುತ್ತೆ. ಹಾಗಾಗಿ ಗಂಟೆ ಲೆಕ್ಕವನ್ನ ಡೈರಿಯೊಳಗೆ ಇಟ್ಟುಕೊಂಡು, "ಈ ಕೆಲಸಕ್ಕೆ ಇಷ್ಟು" ಅಂತ ಒಂದೇ ಮೊತ್ತ ಹೇಳ್ತೀವಿ.

ಆದ್ರೆ ಒಟ್ಟು ಮೊತ್ತ ಹೇಳೋದು ಅಪಾಯ ಕೂಡ. ಕೆಲಸ ಬೆಳೆದ್ರೆ ಮೊತ್ತ ಬೆಳೆಯಲ್ಲ. ಅದಕ್ಕೇ ಮೊತ್ತದ ಜೊತೆಗೇ ಕೆಲಸದ ಬೇಲಿ ಬರೀಬೇಕು. ವಾಟ್ಸಾಪ್‌ನಲ್ಲಿ ಆರು ಸಾಲು ಬರೆದ್ರೂ ಸಾಕು, ಅವರು "ಸರಿ" ಅಂತ ಉತ್ತರ ಕೊಟ್ಟಿರಬೇಕು. ಏನೇನು ಮಾಡಿಕೊಡ್ತೀವಿ. ಎಷ್ಟು ಸುತ್ತು ತಿದ್ದುಪಡಿ, ಅದು ದಾಟಿದ್ರೆ ಒಂದು ಸುತ್ತಿಗೆ ಎಷ್ಟು. ಒಪ್ಪಿಗೆ ಕೊಡೋ ಒಬ್ಬ ವ್ಯಕ್ತಿ ಯಾರು. ಪಠ್ಯವನ್ನ ಯಾರು, ಯಾವಾಗ, ಯಾವ ರೂಪದಲ್ಲಿ ಕೊಡ್ತಾರೆ. ಪ್ರಿಂಟಿಂಗ್ ಖರ್ಚು ಇದರಲ್ಲಿ ಸೇರಿಲ್ಲ ಅನ್ನೋ ಮಾತು. ಅಡ್ವಾನ್ಸ್ ಎಷ್ಟು, ಬಾಕಿ ಯಾವಾಗ.

ಇದರಲ್ಲಿ "ಒಂದು ಸುತ್ತು" ಅಂದ್ರೇನು ಅಂತಲೂ ಬಿಡಿಸಿ ಹೇಳಬೇಕು. ನಾವು ಹೇಳೋದು ಹೀಗೆ: ನಿಮಗೆ ಏನೇನು ಬದಲಾಗಬೇಕೋ ಎಲ್ಲ ಒಟ್ಟಿಗೆ ಒಂದು ಪಟ್ಟಿ ಮಾಡಿ ಕಳ್ಸಿ, ನಾವು ಎಲ್ಲವನ್ನೂ ಸರಿಮಾಡಿ ವಾಪಸ್ ಕಳಿಸ್ತೀವಿ, ಅದು ಒಂದು ಸುತ್ತು. ಬೆಳಿಗ್ಗೆ ಬಣ್ಣ, ಮಧ್ಯಾಹ್ನ ಅಕ್ಷರ, ರಾತ್ರಿ ಚಿತ್ರ ಅಂತ ಬಂದ್ರೆ ಅದು ಮೂರು ಸುತ್ತು. ಮೊದಲೇ ಹೇಳಿದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಮಧ್ಯದಲ್ಲಿ ಹೇಳಿದ್ರೆ ಜಗಳ.

ಕನ್ನಡ ಸಂಘದವರಾಗಿ ಇಲ್ಲಿ ಒಂದು ಮಾತು ಸೇರಿಸಲೇಬೇಕು. "ಇಂಗ್ಲಿಷ್‌ದು ಆಯ್ತಲ್ಲ, ಕೆಳಗೆ ಕನ್ನಡಾನೂ ಹಾಕ್ಬಿಡಿ" ಅನ್ನೋದನ್ನ ಗಿರಾಕಿಗಳು ಪುಕ್ಕಟೆ ಕೆಲಸ ಅಂತ ತಿಳ್ಕೊಂಡಿರ್ತಾರೆ. ಅದು ಪುಕ್ಕಟೆ ಅಲ್ಲ. ಒತ್ತಕ್ಷರ ಕೆಳಗಿಳಿಯೋದರಿಂದ ಸಾಲುಗಳ ನಡುವೆ ಇಂಗ್ಲಿಷ್‌ಗಿಂತ ಹೆಚ್ಚು ಜಾಗ ಬೇಕು, ಅಂದ್ರೆ ಇಡೀ ಲೇಔಟ್ ಮತ್ತೆ ಕೂರಿಸಬೇಕು. ಫಾಂಟ್ ಹುಡುಕಬೇಕು, ಅದನ್ನ ವ್ಯಾಪಾರಕ್ಕೆ ಬಳಸೋ ಅನುಮತಿ ಇದೆಯಾ ನೋಡಬೇಕು. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಥರದವು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ, ಎಲ್ಲೋ ಡೌನ್‌ಲೋಡ್ ಮಾಡಿದ ಫಾಂಟೆಲ್ಲ ಹಾಗಲ್ಲ. ಕೊನೆಗೆ ಪ್ರೂಫ್ ಓದಬೇಕು. ಇಷ್ಟಕ್ಕೂ ಕೊಟೇಶನ್‌ನಲ್ಲಿ ಒಂದು ಪ್ರತ್ಯೇಕ ಸಾಲು ಇರಲಿ. ಬೇರೆ ಡಿಸೈನರ್‌ಗಳು ಗೂಗಲ್ ಅನುವಾದ ಹಾಕಿ ಕೈ ತೊಳ್ಕೊಳ್ಳೋ ಕಡೆ ನಾವು ಸರಿಯಾದ ಕನ್ನಡ ಕೊಡ್ತೀವಿ ಅಂದ್ರೆ, ಅದೇ ನಮ್ಮ ಕಸುಬು. ಅದನ್ನೇ ದಾನ ಮಾಡಿದ್ರೆ ಹೇಗೆ?

"ಪ್ರೆಸ್‌ನವರು ಐನೂರಕ್ಕ ಮಾಡಿಕೊಡ್ತಾರ"

ಎರಡನೇ ಕೆಲಸ ಬಂದಿದ್ದು ಧಾರವಾಡ ಕಡೆಯ ಒಬ್ಬ ಅಕ್ಕನಿಂದ. ಇಲ್ಲೇ ಬಾಡಿಗೆ ಮನೇಲಿದ್ದು ಶೇಂಗಾ, ಅಗಸಿ, ಗುರೆಳ್ಳು, ಹೀಗೆ ಮೂರು ಬಗೆಯ ಚಟ್ನಿಪುಡಿ ಮಾಡಿ ಮಾರ್ತಾರೆ. ಪೊಟ್ಟಣಕ್ಕೆ ಲೇಬಲ್ ಬೇಕಿತ್ತು.

ಈ ಸಲ ಅಲ್ಲೇ ಬೆಲೆ ಹೇಳಲಿಲ್ಲ. "ನಾಳೆ ಸಂಜೆ ಬರೆದು ಕಳಿಸ್ತೀವಿ ಅಕ್ಕಾ" ಅಂದು ಬಂದ್ವಿ. ನಿಂತ ನಿಲುವಲ್ಲಿ ಹೇಳಿದ ಬೆಲೆ ಯಾವಾಗಲೂ ಹೆದರಿಕೆಯ ಬೆಲೆ ಅನ್ನೋದು ಬೇಕರೀಲಿ ಕಲಿತಿದ್ವಿ. ರೂಮಲ್ಲಿ ಕೂತು ಲೆಕ್ಕ ಹಾಕಿದ್ವಿ. ಮಾತುಕತೆ 3 ಗಂಟೆ, ಕೈಯಲ್ಲಿ ಬಿಡಿಸಿದ ಚಿತ್ರ ಇರೋ ಒಂದು ಲೇಬಲ್ 8, ಉಳಿದೆರಡು ಬಗೆಗೆ ಅದನ್ನೇ ಹೊಂದಿಸೋಕೆ 4, ಎರಡು ಭಾಷೆಯ ಪಠ್ಯ ಮತ್ತು ಪ್ರೂಫ್ 3, ಎರಡು ಸುತ್ತು ತಿದ್ದುಪಡಿ 4, ಪ್ರೆಸ್ಸಿಗೆ ಫೈಲ್ 2. ಒಟ್ಟು 24 ಗಂಟೆ, 11,520. ಅದನ್ನ 11,500 ಅಂತ ಮಾಡಿ ಕಳಿಸಿದ್ವಿ.

ಮರುದಿನ ಫೋನು. "ಇಷ್ಟ್ಯಾಕೋ ತಮ್ಮಾ? ಪ್ರೆಸ್‌ನವರು ಐನೂರಕ್ಕ ಮಾಡಿಕೊಡ್ತಾರ."

ಹೊಟ್ಟೇಲಿ ಸ್ವಲ್ಪ ಕಲಸಿದ ಹಾಗಾಯ್ತು ನಿಜ. ಹಳೇ ಅಭ್ಯಾಸದ ಪ್ರಕಾರ "ಸರಿ ಅಕ್ಕಾ, ಎರಡು ಸಾವಿರ ಕೊಡಿ" ಅನ್ನಬೇಕಿತ್ತು. ಅದನ್ನ ತಡೆದು ಇದ್ದಿದ್ದನ್ನ ಇದ್ದ ಹಾಗೆ ಹೇಳಿದ್ವಿ. "ಹೌದಕ್ಕಾ, ಮಾಡ್ತಾರೆ. ಅವರಿಗೆ ಲಾಭ ಇರೋದು ಪ್ರಿಂಟಿಂಗ್‌ನಲ್ಲಿ, ಅದಕ್ಕೆ ಡಿಸೈನ್ ಕಮ್ಮಿಗೆ ಕೊಡ್ತಾರೆ. ಅವರ ಹತ್ರ ರೆಡಿ ಇರೋ ಲೇಬಲ್‌ನಲ್ಲಿ ನಿಮ್ಮ ಹೆಸರು ಹಾಕಿಕೊಡ್ತಾರೆ. ಪಕ್ಕದ ಬೀದಿಯವರಿಗೂ ಅದೇ ಲೇಬಲ್ ಇರಬಹುದು. ಈಗ ಮನೆ ಸುತ್ತಮುತ್ತ ಮಾತ್ರ ಮಾರೋದಾದ್ರೆ ಅದೇ ಸಾಕು. ಅಂಗಡಿ ಶೆಲ್ಫಲ್ಲಿ ಇಡೋ ಯೋಚನೆ ಇದ್ರೆ ನಮ್ಮನ್ನ ಕೇಳಿ."

ಇದು ವ್ಯಾಪಾರದ ತಂತ್ರ ಅಲ್ಲ. ಕೆಲವರಿಗೆ ನಿಜಕ್ಕೂ ಐನೂರರ ಲೇಬಲ್ ಸಾಕು, ಅವರಿಗೆ ಹಾಗಂತ ಹೇಳಬೇಕು. ಅವರು ನಮ್ಮ ಗಿರಾಕಿಗಳಲ್ಲ ಅಷ್ಟೇ, ಅವರ ಜೊತೆ ಐನೂರಕ್ಕೆ ಪೈಪೋಟಿ ಮಾಡೋದರಲ್ಲಿ ಅರ್ಥ ಇಲ್ಲ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂಗಡಿಗೆ ಕೊಡೋದೈತಿ. ಆದ್ರ ನನ್ ಕಡೆ ಆರು ಸಾವಿರದ ಆಸುಪಾಸು ಐತಿ ನೋಡ್ರಿ" ಅಂದ್ರು. ಇದು ಒಳ್ಳೇ ಸುದ್ದಿ. ಬಜೆಟ್ ಗೊತ್ತಾದ್ರೆ ಅದರೊಳಗೆ ಕೂರೋ ಕೆಲಸ ಕಟ್ಟಬಹುದು. ಕೈಯಲ್ಲಿ ಬಿಡಿಸೋ ಚಿತ್ರ ಬಿಟ್ವಿ, ಬರೀ ಅಕ್ಷರದಲ್ಲೇ ಚೆಂದ ಕಾಣೋ ಹಾಗೆ ಮಾಡೋದು ಅಂದ್ವಿ. ಮೂರು ಲೇಬಲ್ ಬದಲು ಮೂರಕ್ಕೂ ಒಂದೇ ಲೇಬಲ್. ಯಾವ ಪುಡಿ, ಅದರಲ್ಲಿ ಏನೇನಿದೆ ಅನ್ನೋದಕ್ಕೆ ಮಾತ್ರ ಬೇರೆ ಬೇರೆ ಚಿಕ್ಕ ಬಿಳಿ ಸ್ಟಿಕ್ಕರ್. ತಿದ್ದುಪಡಿ ಒಂದೇ ಸುತ್ತು. ಮಾತು 3, ಲೇಬಲ್ 6, ಪಠ್ಯ ಮತ್ತು ಸ್ಟಿಕ್ಕರ್ 2, ತಿದ್ದುಪಡಿ 1, ಪ್ರೆಸ್ ಫೈಲ್ 1. ಒಟ್ಟು 13 ಗಂಟೆ, 6,240. ನಾವು ಹೇಳಿದ್ದು 6,200. ಅರ್ಧ 3,100 ಅಡ್ವಾನ್ಸ್, ಉಳಿದಿದ್ದು ಪ್ರೆಸ್ ಫೈಲ್ ಕೊಡೋ ಮುಂಚೆ. ಅಕ್ಕ ಒಪ್ಪಿದ್ರು.

ಬರಹದಲ್ಲಿ ಇನ್ನೊಂದು ಸಾಲು ಸೇರಿಸಿದ್ವಿ. ತಿನ್ನೋ ಪದಾರ್ಥದ ಲೇಬಲ್ ಮೇಲೆ ಎಫ್‌ಎಸ್‌ಎಸ್‌ಎಐ ಸಂಖ್ಯೆ, ನಿವ್ವಳ ತೂಕ, ಪದಾರ್ಥಗಳ ಪಟ್ಟಿ, ದಿನಾಂಕ, ಬೆಲೆ, ಸಸ್ಯಾಹಾರದ ಹಸಿರು ಗುರುತು ಇವೆಲ್ಲ ಇರಬೇಕು. ಈ ವಿವರ ಕೊಡೋದು, ಸರಿ ಇದೆಯಾ ಅಂತ ಓದಿ ಒಪ್ಪೋದು ಅವರ ಜವಾಬ್ದಾರಿ. ಒಪ್ಪಿದ ಮೇಲೆ ತಪ್ಪು ಸಿಕ್ಕಿ ಮತ್ತೆ ಪ್ರಿಂಟ್ ಮಾಡಿಸಬೇಕಾದ್ರೆ ಆ ಖರ್ಚು ನಮ್ಮದಲ್ಲ. ಸಾವಿರ ಲೇಬಲ್ ಅಚ್ಚಾದ ಮೇಲೆ ತೂಕ ತಪ್ಪು ಅಂತ ಗೊತ್ತಾದ್ರೆ ನಮ್ಮ 6,200 ಅಲ್ಲಿಗೇ ಹೋಗ್ತಿತ್ತು.

ಕೊನೆಗೆ ಆಗಿದ್ದು 14 ಗಂಟೆ. ಗಂಟೆಗೆ ಸುಮಾರು 443 ರೂಪಾಯಿ ಬಿತ್ತು. ತಳಕ್ಕಿಂತ ಸ್ವಲ್ಪ ಕೆಳಗೆ, ಆದ್ರೆ ಎಲ್ಲಿ ಜಾರಿತು ಅಂತ ಗೊತ್ತು. ಅಂದಾಜಿನ ಮೇಲೆ ಹತ್ತರಲ್ಲಿ ಒಂದು ಭಾಗ ಜಾಸ್ತಿ ಇಟ್ಕೋಬೇಕು ಅಂತ ಈಗ ಡೈರೀಲಿ ಬರೆದಿದೆ.

ಕೊಟ್ಟ ಮೇಲೆ ಅದು ಯಾರದ್ದು?

ಬೆಲೆಯೊಳಗೆ ಕಣ್ಣಿಗೆ ಕಾಣದ ಇನ್ನೊಂದು ಭಾಗ ಇದೆ, ಹಕ್ಕು. ಭಾರತದ ಕೃತಿಸ್ವಾಮ್ಯ ಕಾಯ್ದೆ, 1957ರ ಪ್ರಕಾರ, ನೌಕರಿಯಲ್ಲಿಲ್ಲದ ಸ್ವತಂತ್ರ ಡಿಸೈನರ್ ಮಾಡಿದ ಲೋಗೋಗೆ ಸಾಮಾನ್ಯವಾಗಿ ಮೊದಲ ಹಕ್ಕುದಾರ ಅದನ್ನ ರಚಿಸಿದವರೇ. ಹಕ್ಕು ಬಿಟ್ಟುಕೊಡೋಕೆ ಸಹಿ ಇರೋ ಬರಹ ಬೇಕು. ಆ ಬರಹದಲ್ಲಿ ಅವಧಿ ಹೇಳದಿದ್ರೆ 5 ವರ್ಷ ಅಂತಲೂ, ಪ್ರದೇಶ ಹೇಳದಿದ್ರೆ ಭಾರತಕ್ಕೆ ಮಾತ್ರ ಅಂತಲೂ ಕಾಯ್ದೆ ತಿಳಿಯುತ್ತೆ.

ಚಟ್ನಿಪುಡಿಯ ಅಕ್ಕನ ಹತ್ರ ಕಾನೂನು ಮಾತಾಡಿ ಹೆದರಿಸಬೇಕು ಅಂತಲ್ಲ. ಲೋಗೋ ಅವರ ವ್ಯಾಪಾರದ ಮುಖ, ಪೂರ್ತಿ ದುಡ್ಡು ಬಂದ ಮೇಲೆ ಅದು ಅವರದ್ದೇ ಆಗಬೇಕು. ನಾವು "ಪೂರ್ತಿ ಹಣ ಸಂದ ದಿನದಿಂದ ಆಯ್ಕೆಯಾದ ವಿನ್ಯಾಸದ ಎಲ್ಲ ಹಕ್ಕು ಎಲ್ಲ ಕಡೆಗೂ, ಕೃತಿಸ್ವಾಮ್ಯದ ಪೂರ್ಣ ಅವಧಿಗೂ ನಿಮ್ಮದು" ಅಂತ ಬರೆದು ಸಹಿ ಮಾಡಿ ಕೊಟ್ವಿ. "ನಮ್ಮ ಪೋರ್ಟ್‌ಫೋಲಿಯೋದಲ್ಲಿ ತೋರಿಸ್ತೀವಿ" ಅಂತ ಒಂದು ಸಾಲನ್ನೂ ಉಳಿಸ್ಕೊಂಡ್ವಿ. ಗಮನಿಸಿ, "ಆಯ್ಕೆಯಾದ ವಿನ್ಯಾಸ". ಬೇಕರಿಗೆ ತೋರಿಸಿದ ಮೂರರಲ್ಲಿ ಬೇಡ ಅಂದ ಎರಡೂ ನಮ್ಮವೇ ಆಗಬೇಕಿತ್ತು. ನಾವು ಮೂರರ ಎಡಿಟ್ ಮಾಡೋ ಫೈಲನ್ನೂ ಒಂದೇ ಫೋಲ್ಡರ್‌ನಲ್ಲಿ ಕಳಿಸಿಬಿಟ್ಟಿದ್ವಿ, ಕೇಳದೇನೇ.

ಪುಕ್ಕಟೆ ಮಾಡೋದೇ ಆದ್ರೆ

ಫೆಸ್ಟ್ ಪೋಸ್ಟರ್, ಸಂಘದ ಕೆಲಸ, ಊರಿನ ಶಾಲೆಯ ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆ. ಇವಕ್ಕೆ ನಾವೂ ದುಡ್ಡು ತಗೊಳ್ಳಲ್ಲ. ಆದ್ರೆ ಪುಕ್ಕಟೆ ಕೊಡೋದೂ ಕಡಿಮೆ ಬೆಲೆಗೆ ಮಾರೋದೂ ಬೇರೆ ಬೇರೆ. ಪುಕ್ಕಟೆ ಕೊಟ್ಟಾಗ ಕೊಟ್ಟಿದ್ದು ಅಂತ ಇಬ್ಬರಿಗೂ ಗೊತ್ತಿರುತ್ತೆ. ಸಾವಿರದ ಐನೂರಕ್ಕೆ ಮಾರಿದಾಗ, ಅದರ ಬೆಲೆಯೇ ಅಷ್ಟು ಅಂತ ಇಬ್ಬರೂ ನಂಬಿಬಿಡ್ತಾರೆ. ಅದಕ್ಕೇ ಈಗ ಪುಕ್ಕಟೆ ಕೆಲಸಕ್ಕೂ ಒಂದು ಬಿಲ್ ಬರೀತೀವಿ. ಪೋಸ್ಟರ್ 2,880 ರೂಪಾಯಿ, ಸಂಘಕ್ಕೆ ಪೂರ್ತಿ ರಿಯಾಯಿತಿ, ಕೊಡಬೇಕಾದ್ದು 0. ಫೆಸ್ಟ್ ಕಮಿಟಿಯವರು ಮೊದಲ ಸಲ ನೋಡಿ ನಕ್ಕರು. ಎರಡನೇ ಸಲ ಪಠ್ಯವನ್ನ ಒಂದೇ ಸಲಕ್ಕೆ ಸರಿಯಾಗಿ ಕೊಟ್ರು.

ಹೋದ ತಿಂಗಳು ಬೇಕರಿ ಅಣ್ಣ ಮತ್ತೆ ಕರೆದಿದ್ರು. ಎರಡನೇ ಅಂಗಡಿ ತೆಗೀತಿದ್ದಾರೆ, ಅಲ್ಲಿಗೂ ಬೋರ್ಡು, ಮೆನು, ಜೊತೆಗೆ ಕೇಕ್ ಬಾಕ್ಸು. ಲೆಕ್ಕ ಹಾಕಿ, ಬೇಲಿ ಬರೆದು, 12,000 ಅಂತ ಕಳಿಸಿದ್ವಿ. ಅವರು ನಿಜಕ್ಕೂ ಗೊಂದಲದಿಂದ ಕೇಳಿದ್ರು, "ಹೋದ್ಸಲ ಎಲ್ಲಾ ಸೇರಿ ಒಂದೂವರೆ ಸಾವಿರ ಅಲ್ವೇನ್ರಪ್ಪಾ?"

ಅವರ ಮೇಲೆ ಕೋಪ ಮಾಡ್ಕೊಳ್ಳೋ ಹಾಗಿಲ್ಲ. ಆ ಬೆಲೆ ಹೇಳಿಕೊಟ್ಟಿದ್ದು ನಾವೇ. ಹೋದ ಸಲ ಲೆಕ್ಕ ಹಾಕೋಕೆ ಗೊತ್ತಿರಲಿಲ್ಲ ಅಣ್ಣಾ ಅಂತ ಇದ್ದಿದ್ದು ಹೇಳಿದ್ವಿ, ಬರೀ ಬೋರ್ಡು ಸಾಕಾದ್ರೆ ಇಷ್ಟು ಅಂತ ಇನ್ನೊಂದು ಸಂಖ್ಯೆಯನ್ನೂ ಕೊಟ್ವಿ. ಯೋಚನೆ ಮಾಡ್ತೀನಿ ಅಂದ್ರು. ಇಲ್ಲೀವರೆಗೆ ಫೋನ್ ಬಂದಿಲ್ಲ, ಬರದೇ ಇರಬಹುದು. ನಿಮ್ಮ ಮೊದಲ ಗಿರಾಕಿ "ಎಷ್ಟಾಗುತ್ತೆ?" ಅಂದಾಗ, "ನಾಳೆ ಸಂಜೆ ಬರೆದು ಕಳಿಸ್ತೀವಿ" ಅಂತ ಹೇಳಿ ಹೊರಗೆ ಬನ್ನಿ. ಪಫ್ಸ್ ಆಮೇಲೆ ತಿನ್ನಬಹುದು.